ಓಡಿ ಹೋಗದ ನಂಬರು

ನಮ್ಮೂರ ಸಂತೆಯಲ್ಲಿ ಜಗಳಕ್ಕೆ ಯಾವತ್ತೂ ಬರವಿರಲಿಲ್ಲ. ಕುಂದಗೋಳ ತಾಲೂಕಿನ ಸಣ್ಣ ಊರು ನಮ್ಮದು. ವಾರಕ್ಕೊಮ್ಮೆ ಸುತ್ತಲಿನ ಹಳ್ಳಿಗಳಿಂದ ಕಾಯಿಪಲ್ಯ, ಉಳ್ಳಾಗಡ್ಡಿ, ಮೆಣಸಿನಕಾಯಿ, ಬಳೆ, ಬಟ್ಟೆ ಎಲ್ಲ ಬಂದು ಕೂಡುತ್ತವೆ. ಯಾರು ಎಲ್ಲಿ ಕೂಡಬೇಕು ಅನ್ನುವುದು ಮಾತ್ರ ಆಯಾ ವಾರದ ತೋಳಬಲಕ್ಕೆ ಬಿಟ್ಟ ವಿಷಯ. ನಾನು ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸದವಳು. ನನ್ನ ಕಿಟಕಿಯ ಎದುರೇ ಸಂತೆ ಮೈದಾನ. ಆ ಬೈಗುಳಗಳನ್ನೆಲ್ಲ ಕೇಳುತ್ತ ಕೇಳುತ್ತ ನನ್ನ ಬಾಯಿಯೂ ಸ್ವಲ್ಪ ಹರಿತವಾಯಿತು ಎಂದು ಮನೆಯವರು ಹೇಳುತ್ತಾರೆ. ಮೊದಲೇ ಹಾಗಿತ್ತು ಅನ್ನುವುದು ನನ್ನ ತಾಯಿಯ ಅಭಿಪ್ರಾಯ.

ಆ ಸಂತೆಯಲ್ಲಿ ಪಲ್ಯ, ಅಂದರೆ ಸೊಪ್ಪು, ಮಾರುವ ಒಬ್ಬ ಮುದುಕಿ ಇದ್ದಳು. ಎಲ್ಲರೂ ಆಯಿ ಅನ್ನುತ್ತಿದ್ದೆವು, ಅಜ್ಜಿ ಅಂತ. ಮೆಂತೆ, ಪುಂಡಿ, ರಾಜಗಿರಿ ಸಿವುಡು ಕಟ್ಟಿ ಬುಟ್ಟಿಯಲ್ಲಿ ತರುತ್ತಿದ್ದಳು. ಹೊತ್ತು ಹುಟ್ಟುವ ಮೊದಲೇ ಬಂದು ಒಳ್ಳೆಯ ಜಾಗ ಹಿಡಿದಿರುತ್ತಿದ್ದಳು, ಪಾಪ. ಆಮೇಲೆ ಯಾವನೋ ಗಾಡಿ ತಂದು ನಿಲ್ಲಿಸಿ, ‘ಏ ಮುದಕಿ, ಸರಿಬೇ ಆ ಕಡೆ’ ಅನ್ನುತ್ತಿದ್ದ. ಆಯಿ ಮೊಣಕಾಲು ಹಿಡಿದು ಎದ್ದು, ಬುಟ್ಟಿ ಎಳೆದುಕೊಂಡು ಸರಿಯುತ್ತಿದ್ದಳು. ಇನ್ನೊಬ್ಬ ಬಂದು ಮತ್ತೆ ಎಬ್ಬಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಆಕೆ ಎಲ್ಲಿ ಸಿಗುತ್ತಾಳೆ ಎಂದು ಹುಡುಕಬೇಕಾಗುತ್ತಿತ್ತು. ನಾನು ಕಿಟಕಿಯಲ್ಲಿ ಕೂತು ಅವರನ್ನೆಲ್ಲ ಬೈದುಕೊಳ್ಳುತ್ತಿದ್ದೆ.

ಪಂಚಾಯಿತಿಯವರು ಕೊನೆಗೆ ಮೈದಾನದಲ್ಲಿ ಸಿಮೆಂಟಿನ ಕಟ್ಟೆಗಳನ್ನು ಕಟ್ಟಿಸಿ ನಂಬರು ಬರೆಸಿದರು. ಒಂದನೆಯದು ರಸ್ತೆಯ ಬಾಜು, ಬೇವಿನ ಮರದ ನೆರಳಿನಲ್ಲಿ. ಕೊನೆಯ ಸಾಲಿನವು ಪಡುವಣಕ್ಕೆ; ಮಧ್ಯಾಹ್ನದ ಮೇಲೆ ಬಿಸಿಲು ಅಲ್ಲಿ ನೆಟ್ಟಗೆ ಹೊಡೆಯುತ್ತದೆ. ಉಳ್ಳಾಗಡ್ಡಿಗೆ ಬಿಸಿಲಾದರೇನು, ಬಳೆಗೆ ಬಿಸಿಲಾದರೇನು. ಪಲ್ಯಕ್ಕೆ ಮಾತ್ರ ಜೀವ ಹೋಗುತ್ತದೆ.

ಯಾರಿಗೆ ಯಾವ ಕಟ್ಟೆ? ಚೀಟಿ ಎತ್ತೋಣ ಎಂದರೆ ಒಬ್ಬರೂ ಒಪ್ಪಲಿಲ್ಲ. ಹಿಂದೊಮ್ಮೆ ಕೊಡದಲ್ಲಿ ಚೀಟಿ ಹಾಕಿ ಎತ್ತಿದಾಗ, ಒಳ್ಳೆಯ ಜಾಗಗಳೆಲ್ಲ ಚೀಟಿ ಮಡಚಿದವರ ಬೀಗರಿಗೇ ಹೋಗಿದ್ದವಂತೆ. ಕಂಪ್ಯೂಟರಿನಲ್ಲೇ ಆಗಲಿ, ಅದಕ್ಕೆ ಬೀಗರಿಲ್ಲ ಎಂದು ಬಳೆಗಾರ ಕಾಕಾ ಸಭೆಯಲ್ಲಿ ಹೇಳಿದ್ದೇ ತಡ, ಎಲ್ಲರೂ ಹೂಂ ಎಂದರು. ಕೆಲಸ ನನ್ನ ಕೊರಳಿಗೆ ಬಿತ್ತು.

ವ್ಯಾಪಾರಿಗಳ ಹೆಸರು, ಊರು ಎಕ್ಸೆಲ್‌ನಲ್ಲಿ ಬರೆದೆ. ಬಾಜುವಿನ ಕಾಲಂನಲ್ಲಿ ರ‍್ಯಾಂಡ್ ಎಂಬ ಸೂತ್ರ ಹಾಕಿದರೆ ಸೊನ್ನೆಗೂ ಒಂದಕ್ಕೂ ನಡುವಿನ ಯಾವುದೋ ಒಂದು ದಶಾಂಶ ಸಂಖ್ಯೆ ತಾನಾಗಿ ಬರುತ್ತದೆ. ಅದರ ಪಕ್ಕದ ಕಾಲಂನಲ್ಲಿ, ಆ ಸಂಖ್ಯೆ ಉಳಿದವುಗಳ ನಡುವೆ ಎಷ್ಟನೆಯದು ಎಂದು ಎಣಿಸುವ ಇನ್ನೊಂದು ಸೂತ್ರ. ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಬಂದವರಿಗೆ ಒಂದನೆಯ ಕಟ್ಟೆ, ಆಮೇಲಿನದಕ್ಕೆ ಎರಡು, ಹೀಗೆ. ಒಬ್ಬರ ನಂಬರು ಇನ್ನೊಬ್ಬರಿಗೆ ಬರುವ ಮಾತೇ ಇಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಪಂಚಾಯಿತಿ ಸಭಾಂಗಣದ ಟಿವಿಗೆ ಕಂಪ್ಯೂಟರ್ ಜೋಡಿಸಿ, ಎಲ್ಲರ ಎದುರಿಗೆ ಸೂತ್ರ ಹಾಕಿ ಕೆಳಗೆ ಎಳೆದೆ. ನಂಬರುಗಳು ಸಾಲಾಗಿ ಮೂಡಿದವು. ಪಟ್ಟಿಯ ಮೇಲಿನ ಅರ್ಧ ಟಿವಿಯಲ್ಲಿ ಕಾಣುತ್ತಿತ್ತು, ಅದರಲ್ಲಿ ಆಯಿಯ ಹೆಸರಿನ ಮುಂದೆ ಒಂದು! ಬೇವಿನ ಮರದ ಕಟ್ಟೆ. ನಾನು ಓದಿ ಹೇಳಿದಾಗ ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.

ಆಗ ಬಳೆಗಾರ ಕಾಕಾ ಎದ್ದು ನಿಂತರು. ತಮ್ಮದು ಗುಡಗೇರಿ ಅಲ್ಲ, ಅದರ ಮಗ್ಗುಲಿನ ಹಳ್ಳಿ, ಪಟ್ಟಿಯಲ್ಲಿ ಸರಿಯಾಗಿರಬೇಕು ಎಂದು ಹಟ ಹಿಡಿದರು. ಇಡೀ ಸಂತೆಗೆ ಗೊತ್ತಿರುವ ಮನುಷ್ಯನ ಊರು ಪಟ್ಟಿಯಲ್ಲಿ ಹೇಗಿದ್ದರೆ ಏನು ಎಂದು ಮನಸ್ಸಿನಲ್ಲಿ ಬೈದುಕೊಂಡೇ ಗುಡಗೇರಿ ಅಳಿಸಿ, ಅವರ ಹಳ್ಳಿಯ ಹೆಸರು ಬರೆದು ಎಂಟರ್ ಒತ್ತಿದೆ.

ಟಿವಿಯಲ್ಲಿದ್ದ ಎಲ್ಲ ನಂಬರುಗಳೂ ಬದಲಾದವು. ಆಯಿಯ ಮುಂದೆ ಒಂದು ಹೋಗಿ ಹದಿನೇಳು ಬಂದಿತ್ತು.

ಜಗಳ ಶುರುವಾಯಿತು ನೋಡಿ. ಕಾಕಾನ ಊರು ಬದಲಾದರೆ ನನ್ನ ಕಟ್ಟೆ ಯಾಕೆ ಬದಲಾಯಿತು ಎಂದು ಉಳ್ಳಾಗಡ್ಡಿ ಮಾರುವವನು ಮೇಜು ಗುದ್ದಿದ. ಕಂಪ್ಯೂಟರಿಗೂ ಬೀಗರಿದ್ದಾರೆ ಎಂದು ಹಿಂದಿನಿಂದ ಯಾರೋ ಅಂದರು. ನಾನು ಗಾಬರಿಯಿಂದ ರದ್ದು ಮಾಡುವ ಕೀಲಿ ಒತ್ತಿದೆ. ಕಾಕಾ ಮತ್ತೆ ಗುಡಗೇರಿಯವರಾದರು. ನಂಬರು ಮಾತ್ರ ಹಿಂದಕ್ಕೆ ಬರಲಿಲ್ಲ, ಮತ್ತೊಂದು ಬೇರೆಯದೇ ಸರತಿ ಬಂತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸಾಹೇಬರು ಎಲ್ಲರಿಗೂ ಚಹಾ ತರಿಸಿ, ಚಹಾ ಕುಡಿಯುವುದರೊಳಗೆ ಸರಿ ಮಾಡು ಎಂಬಂತೆ ನನ್ನ ಮುಖ ನೋಡಿದರು.

ಸಿಟ್ಟು ನನಗೂ ಬಂದಿತ್ತು, ಸುಳ್ಳೇಕೆ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ತಲೆಗೆ ಹುಳ ಹೊಕ್ಕಿತ್ತು. ಟಿವಿಯ ತಂತಿ ತೆಗೆದು ಒಬ್ಬಳೇ ಕೂತು ನೋಡತೊಡಗಿದೆ. ಪಟ್ಟಿಗೆ ಸಂಬಂಧವೇ ಇಲ್ಲದ ಯಾವುದೋ ದೂರದ ಖಾಲಿ ಚೌಕದಲ್ಲಿ ‘ಚಹಾ’ ಎಂದು ಬರೆದೆ. ನಂಬರುಗಳು ಜಿಗಿದವು. ಅದನ್ನು ಅಳಿಸಿದೆ. ಮತ್ತೆ ಜಿಗಿದವು. ಪಟ್ಟಿಯನ್ನು ಸುಮ್ಮನೆ ಮೇಲೆ ಕೆಳಗೆ ಸರಿಸಿದೆ, ಆಗ ಜಿಗಿಯಲಿಲ್ಲ. ಫೈಲ್ ಉಳಿಸಿ ಮುಚ್ಚಿ ತೆರೆದೆ. ಅಯ್ಯ ಶಿವನೇ, ಆಗಲೂ ಹೊಸವು! ಮರುದಿನ ಪ್ರಿಂಟ್ ತೆಗೆದಿದ್ದರೆ ಆ ದಿನ ಕಂಡ ಒಂದು ನಂಬರೂ ಇರುತ್ತಿರಲಿಲ್ಲ.

ಒಂದು ಸಂಖ್ಯೆಯ ಮೇಲೆ ಒತ್ತಿ ಪರದೆಯ ಮೇಲ್ಭಾಗದ ಫಾರ್ಮುಲಾ ಬಾರ್‌ನಲ್ಲಿ ನೋಡಿದಾಗ ಗೊತ್ತಾಯಿತು. ಅಲ್ಲಿ ಸಂಖ್ಯೆ ಇರಲೇ ಇಲ್ಲ, ಸೂತ್ರವಿತ್ತು. ನಾವು ಅದನ್ನು ಬಂದ ಉತ್ತರ ಎಂದು ತಿಳಿದಿದ್ದೆವು. ಅದು ‘ಒಂದು ಸಂಖ್ಯೆ ಎತ್ತು’ ಎಂಬ ಆಜ್ಞೆ. ಹಾಳೆಯಲ್ಲಿ ಯಾರು ಏನು ಬರೆದರೂ ಕಂಪ್ಯೂಟರ್ ಲೆಕ್ಕಗಳನ್ನು ಮತ್ತೆ ಮಾಡುತ್ತದೆ, ಹಾಗೆ ಮಾಡುವಾಗೆಲ್ಲ ಈ ಆಜ್ಞೆಯನ್ನೂ ಹೊಸದಾಗಿ ಪಾಲಿಸುತ್ತದೆ. ಯಾರೋ ಸೀನಿದರೂ ಚೀಟಿಗಳನ್ನೆಲ್ಲ ಕೊಡಕ್ಕೆ ಸುರಿದು ಮತ್ತೆ ಎತ್ತಿದ ಹಾಗೆ. ಮೋಸವಿರಲಿಲ್ಲ, ಅತಿ ನಿಯತ್ತಿತ್ತು. ನನಗೆ ಒಬ್ಬಳಿಗೇ ನಗು ಬಂತು.

ಔಷಧ ನನಗೆ ಗೊತ್ತಿದ್ದದ್ದೇ. ನೀರಿನ ಕರದ ವರದಿಯನ್ನು ತಾಲೂಕಿಗೆ ಕಳಿಸುವಾಗ ಸೂತ್ರಗಳು ಕೆಟ್ಟು ಹೋಗುತ್ತವೆ ಎಂದು ಉತ್ತರಗಳನ್ನಷ್ಟೇ ನಕಲು ಮಾಡಿ ಅಂಟಿಸುತ್ತಿದ್ದೆ. ಪೇಸ್ಟ್ ಸ್ಪೆಷಲ್, ಅದರೊಳಗೆ ವ್ಯಾಲ್ಯೂಸ್. ಆಗ ಸೂತ್ರ ಬರುವುದಿಲ್ಲ, ಬರೀ ಅಂಕಿ ಬಂದು ಕೂಡುತ್ತದೆ, ಕಲ್ಲಿನಂತೆ.

ಚಹಾ ಮುಗಿದ ಮೇಲೆ ಎಲ್ಲರಿಗೂ ಇದನ್ನು ಬಿಡಿಸಿ ಹೇಳಿದೆ. ಆದರೆ ಮೊದಲು ಬಂದ ನಂಬರುಗಳು ಹೋದವು, ಹೋದವೇ. ಪಟ್ಟಿಯ ಕೆಳಗಿನ ಅರ್ಧವನ್ನು ಯಾರೂ ನೋಡಿಯೇ ಇರಲಿಲ್ಲ. ಸಾಹೇಬರು ಒಂದು ದಾರಿ ಹುಡುಕಿದರು: ಆಯಿಗೆ ಒಂದು ಬಂದದ್ದನ್ನು ಎಲ್ಲರೂ ನೋಡಿದ್ದಾರೆ, ಆಕೆಗೆ ಅದನ್ನು ಕೈಯಿಂದ ಬರೆದು ಉಳಿದವರಿಗೆ ಮತ್ತೆ ತೆಗೆಯೋಣ. ನನಗೆ ಒಳಗೊಳಗೇ ಒಪ್ಪಿಗೆಯಿತ್ತು. ಅಷ್ಟರಲ್ಲಿ ಉಳ್ಳಾಗಡ್ಡಿಯವನು ನನಗೂ ನಾಲ್ಕು ಬಂದಿತ್ತು ಎಂದ, ಮತ್ತೊಬ್ಬ ನನಗೂ ನಾಲ್ಕೇ ಬಂದಿತ್ತು ಎಂದ. ಗದ್ದಲದ ನಡುವೆ ಆಯಿ ಎದ್ದು ನಿಂತಳು.

‘ನನಗ ಒಂದನೇದ ಬೇಕು ಅನ್ನೂದಿಲ್ರಿ ನಾ. ಯಾವುದರ ಬರಲಿ, ಬಂದದ್ದು ಓಡಿ ಹೋಗಬಾರದು. ಅಷ್ಟ ಮಾಡ ತಂಗಿ.’

ಸರಿ, ಟಿವಿಯ ತಂತಿ ಮತ್ತೆ ಜೋಡಿಸಿ, ಈ ಸಲ ಮೊದಲೇ ಕರಾರು ಮಾಡಿದೆ. ಹೆಸರು, ಊರು ಎಲ್ಲರೂ ನೋಡಿ ಒಪ್ಪಿದ ಮೇಲೆ ಒಂದಕ್ಷರ ಮುಟ್ಟುವುದಿಲ್ಲ. ಸೂತ್ರ ಹಾಕಿದಾಗ ಮೊದಲು ಬಂದದ್ದೇ ಕೊನೆ. ಅಂಟಿಸುವ ಮೊದಲು ಪಟ್ಟಿಯ ಮೇಲಿನ ಅರ್ಧ, ಕೆಳಗಿನ ಅರ್ಧ ಎರಡರದ್ದೂ ಕಾಕಾ ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ತಮ್ಮ ಹಳ್ಳಿಯ ಹೆಸರನ್ನು ಎರಡು ಸಲ ಓದಿಸಿಕೊಂಡು ಕಾಕಾ ಒಪ್ಪಿದರು.

ಸೂತ್ರ ಎಳೆದೆ. ನಂಬರು ಮೂಡಿದವು. ಆಯಿಯ ಹೆಸರಿನ ಮುಂದಿನ ನಂಬರನ್ನು ಎರಡು ಸಲ ಓದಿದೆ. ಕೊನೆಯ ಸಾಲು. ಪಡುವಣ ಬಿಸಿಲಿನ ಕಟ್ಟೆ.

ಕಾಕಾ ಫೋಟೊ ತೆಗೆದು ಮುಗಿಸಿ ನನ್ನ ಹತ್ತಿರ ಬಗ್ಗಿ ಮೆಲ್ಲಗೆ, ‘ಅಕ್ಕಾರ, ಎಲ್ಲೆರ ಒಂದ ಅಕ್ಷರ ಒತ್ತಿಬಿಡ್ರಿ. ಪಾಪ, ಮುದುಕಿ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಬೇಕಾದರೆ ಫೋಟೊ ಅಳಿಸುತ್ತಿದ್ದರು. ನನ್ನ ಬೆರಳು ಕೀಲಿಮಣೆಯ ಮೇಲೇ ಇತ್ತು. ಒಂದು ಅಕ್ಷರ, ಒಂದು ಎಂಟರ್, ಕೈ ತಪ್ಪಿತು ಎಂದರೆ ಮುಗಿಯಿತು. ಒತ್ತಬೇಕೆಂದು ನನಗೆ ನಿಜವಾಗಿಯೂ ಅನ್ನಿಸಿತು.

‘ಹಿಡಿ ಯವ್ವಾ, ಯಾಕ ಕುಂತಿ? ಓಡಿ ಹೋದೀತು’ ಎಂದಳು ಆಯಿ.

ಎರಡೂ ಕಾಲಂ ನಕಲು ಮಾಡಿ, ಬಾಜುವಿನ ಖಾಲಿ ಜಾಗದಲ್ಲಿ ಉತ್ತರಗಳನ್ನಷ್ಟೇ ಅಂಟಿಸಿದೆ. ಅಂಟಿಸಿದ್ದೂ ಒಂದು ಬದಲಾವಣೆಯೇ ಅಲ್ಲವೇ, ಎಡಗಡೆಯ ಸೂತ್ರಗಳು ಮತ್ತೆ ಜಿಗಿದು ಹೊಸ ನಂಬರು ತೋರಿಸಿದವು. ಎಡಕ್ಕೊಂದು, ಬಲಕ್ಕೊಂದು. ಜನ ಮತ್ತೆ ಗುಜುಗುಜು ಶುರುಮಾಡಿದರು. ಈ ಸಲ ನಾನು ಹೆದರಲಿಲ್ಲ. ಬಲಗಡೆಯದನ್ನು ಕಾಕಾನ ಫೋಟೊದ ಜೊತೆ ಹೋಲಿಸಿ ನೋಡಿ ಎಂದೆ. ಉಳ್ಳಾಗಡ್ಡಿಯವನೇ ಮೊಬೈಲ್ ಕಸಿದುಕೊಂಡು ಬೆರಳಿಟ್ಟು ಒಂದೊಂದಾಗಿ ನೋಡಿದ. ಎಲ್ಲವೂ ತಾಳೆಯಾದವು. ಎಡಗಡೆಯ ಸೂತ್ರಗಳನ್ನು ಅಳಿಸಿದೆ. ಆಮೇಲೆ ಬೇಕೆಂದೇ ಖಾಲಿ ಚೌಕದಲ್ಲಿ ಮತ್ತೆ ‘ಚಹಾ’ ಎಂದು ಬರೆದು ಎಂಟರ್ ಒತ್ತಿದೆ. ಬಲಗಡೆಯ ನಂಬರುಗಳು ಮಿಸುಕಲಿಲ್ಲ. ಸಭೆಯಲ್ಲಿ ಮೊದಲ ಸಲ ಎಲ್ಲರೂ ಒಟ್ಟಿಗೆ ನಕ್ಕರು.

ಪ್ರಿಂಟ್ ತೆಗೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ ಪಂಚಾಯಿತಿಯ ಫಲಕಕ್ಕೆ ಅಂಟಿಸಿದೆವು. ಮನೆಗೆ ಹೋದ ಮೇಲೂ ನನಗೆ ಸಮಾಧಾನವಿರಲಿಲ್ಲ. ಆಯಿಯನ್ನು ಬಿಸಿಲಿಗೆ ಕೂಡಿಸಿ ಬಂದವಳು ನಾನೇ ಅನ್ನಿಸುತ್ತಿತ್ತು.

ಮುಂದಿನ ಸಂತೆಯ ದಿನ ಊಟದ ಹೊತ್ತಿಗೆ ಪಲ್ಯ ತರುವ ನೆಪದಲ್ಲಿ ಕೊನೆಯ ಸಾಲಿಗೆ ಹೋದೆ. ಆಯಿ ತನ್ನ ಕಟ್ಟೆಯ ಮೇಲೆ ಕೂತಿದ್ದಳು. ನಾಲ್ಕು ಬಿದಿರು ನೆಟ್ಟು ಮೇಲೆ ಹಳೆಯ ಸೀರೆ ಕಟ್ಟಿ, ಪಲ್ಯದ ಮೇಲೆ ತೊಯ್ದ ಗೋಣಿತಟ್ಟು ಹೊದಿಸಿದ್ದಳು. ಬರುವ ವಾರವೂ ಕೂಡುವ ಜಾಗ ಇದೇ ಎಂದು ಗೊತ್ತಿದ್ದವರು ಮಾತ್ರ ಬಿದಿರು ನೆಡುತ್ತಾರೆ.

ನಾನು ಚೌಕಾಶಿ ಮಾಡುತ್ತಿರುವಾಗಲೇ ಒಬ್ಬ ಕಲ್ಲಂಗಡಿ ಗಾಡಿ ತಂದು ನಿಲ್ಲಿಸಿದ. ಹೊಸಬ. ‘ಏ ಆಯಿ, ಸರಿಬೇ ಸ್ವಲ್ಪ’ ಎಂದ. ಅಭ್ಯಾಸ ನೋಡಿ, ಆಯಿಯ ಕೈ ತಾನಾಗಿ ಬುಟ್ಟಿಯ ಅಂಚಿಗೆ ಹೋಯಿತು. ಆಮೇಲೆ ಆಕೆ ಬುಟ್ಟಿ ಬಿಟ್ಟು, ಕತ್ತೆತ್ತಿ ಅವನನ್ನು ನೋಡಿದಳು.

‘ಪಂಚಾಯಿತಿ ಬೋರ್ಡಿನ್ಯಾಗ ನನ್ನ ನಂಬರ ಐತಿ, ಹೋಗಿ ನೋಡ್ಕೊಂಡ ಬಾ’ ಎಂದಳು, ಮತ್ತೆ ನನ್ನ ಪಲ್ಯ ಕಟ್ಟತೊಡಗಿದಳು.