ಬದುವಿನ ಆಲದ ನೆರಳು

ಸಂಶಯ ನನ್ನ ಹುಟ್ಟುಗುಣ. ಗೌಳಿಗಿತ್ತಿ ಹಾಲಿಗೆ ನೀರು ಹಾಕದೆ ಕೊಟ್ಟರೂ ‘ಇವತ್ತು ಯಾಕೆ ಹಾಕಿಲ್ಲ’ ಎಂದು ಯೋಚಿಸುವ ಜಾತಿಯವನು ಎಂದು ನನ್ನ ಹೆಂಡತಿ ನಗುತ್ತಿದ್ದಳು. ಮುಂಬಯಿ ರಾಜ್ಯದ ಆ ದಿನಗಳಲ್ಲಿ ನಾನು ಜಮಖಂಡಿಯಲ್ಲಿ, ಮುಂದೆ ಮಾಸ್ತರಾಗುವವರಿಗೆ ತರಬೇತಿ ಕೊಡುವ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಪರೀಕ್ಷೆ ಬಂತೆಂದರೆ ನನ್ನ ಕಣ್ಣಿಗೆ ಎಲ್ಲರೂ ಕಳ್ಳರೇ.

ಆ ವರ್ಷ ಹಳೆಯ ಮಾಸಪತ್ರಿಕೆಯೊಂದರಿಂದ ಒಂದು ಗದ್ಯಭಾಗ ಎತ್ತಿ ಪ್ರಶ್ನೆಗೆ ಹಾಕಿದೆ. ‘ನಮ್ಮೂರ ಗೌಡರ ಔದಾರ್ಯಕ್ಕೆ ಎಣೆಯಿಲ್ಲ. ಬಾಯಾರಿ ಬಂದವನಿಗೆ ತಾವೇ ಕಟ್ಟೆಯಿಂದ ಎದ್ದುಬಂದು ಹೊಳೆಯ ದಾರಿ ತೋರಿಸುತ್ತಾರೆ. ಅವರ ಬಾಗಿಲು ಸದಾ ತೆರೆದಿರುತ್ತದೆ. ಅಂಗಳದ ನಾಯಿಯೂ ಸದಾ ಬಿಚ್ಚಿರುತ್ತದೆ. ಊರಿಗೆಲ್ಲ ಅವರೇ ಆಲದ ಮರ. ಅವರ ನೆರಳು ತಮ್ಮ ಹೊಲದ ಬದು ದಾಟಿ ಆಚೆಗೂ ಚಾಚಿದೆ.’ ಗೌಡರು ಎಂಥವರು, ಆಲದ ಮರ ಎಂದದ್ದೇಕೆ ಎಂದು ಕೇಳಿದ್ದೆ.

ಇಡೀ ತರಗತಿ ಮೊದಲ ಸಾಲಿಗೇ ಮರುಳಾಯಿತು. ಗೌಡರು ದಾನಶೂರರು, ದಾರಿಹೋಕರ ಬಂಧು, ನಾಯಿಯ ಮೇಲೂ ದಯೆಯುಳ್ಳವರು! ಒಂದೇ ಒಂದು ಪೇಪರಿನಲ್ಲಿ ಮಾತ್ರ ಹೀಗಿತ್ತು: ‘ಇದು ಹೊಗಳಿಕೆಯಲ್ಲ. ನೀರು ಕೊಡದವನನ್ನು ಉದಾರಿ ಎಂದು ಅಣಕಿಸಿದ್ದಾರೆ.’ ನಾನು ಬರೆದಿಟ್ಟ ಮಾದರಿ ಉತ್ತರವೂ ಹೆಚ್ಚುಕಡಿಮೆ ಇದೇ.

ಬರೆದವಳು ತೇರದಾಳದ ಕಡೆಯ ಒಕ್ಕಲುತನದ ಮನೆಯ ವಿಧವೆ. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಇರುವುದು ನಮ್ಮ ಶಾಲೆಯ ಸಿಪಾಯಿಯ ಮನೆಯ ಬಾಡಿಗೆ ಖೋಲಿಯಲ್ಲಿ. ಮಾದರಿ ಉತ್ತರ ಇದ್ದದ್ದು ಆಫೀಸಿನ ಕಪಾಟಿನಲ್ಲಿ, ಕಪಾಟಿನ ಕೀಲಿ ಇದ್ದದ್ದು ಆ ಸಿಪಾಯಿಯ ಉಡಿದಾರದಲ್ಲಿ. ನನಗೆ ಇನ್ನೇನು ಬೇಕು? ಕಾಪಿ ಮಾಡಿದವರನ್ನು ಅದೇ ದಿನ ಊರಿಗೆ ಕಳಿಸುವುದು ನಮ್ಮ ಹೆಡ್‌ಮಾಸ್ತರರ ನಿಯಮ. ಹೋದರೆ ಅವಳು ಮತ್ತೆ ಅತ್ತೆಯ ಮನೆಯ ಬೀಸುವ ಕಲ್ಲಿನ ಮುಂದೆ ಕೂರಬೇಕು. ಅಲ್ಲಿಂದ ಎರಡನೆಯ ಸಲ ಓದಲು ಯಾರೂ ಬಿಡಲಾರರು. ಅದು ನನಗೆ ಗೊತ್ತಿತ್ತು. ಆದರೂ ಸಿಪಾಯಿಯನ್ನು ಎರಡು ಸಲ ಗದರಿಸಿ ಕೇಳಿದೆ. ಅವನು ದೇವರಾಣೆ ಮಾಡಿದ. ಆಣೆ ಮಾಡಿದ್ದಕ್ಕೇ ಸಂಶಯ ಇನ್ನೂ ಬಲವಾಯಿತು.

ಮರುದಿನ ಅವಳನ್ನು ಕರೆಸಿದೆ.

“ಈ ಉತ್ತರ ನಿನಗ ಹೆಂಗ ಹೊಳೀತವ್ವಾ?”

“ಹೊಗಳಿದ ಮಾತಿನ ಬೆನ್ನಿಗೆ ಏನು ಬರತೈತಿ ಅಂತ ನೋಡಿದ್ನಿರಿ. ಎಣೆ ಇಲ್ಲ ಅಂತಾರ, ಒಂದು ತಂಬಿಗಿ ನೀರು ಕೊಟ್ಟಿದ್ದು ಮಾತ್ರ ಎಲ್ಲೂ ಇಲ್ಲ. ನಮ್ಮತ್ತಿ ನನ್ನ ಹೊಗಳೂದೂ ಹಿಂಗ ಐತ್ರಿ.”

“ಹಂಗಾರ ಆಲದ ಮರದ್ದು ಯಾಕ ತಪ್ಪಿದಿ?”

ಅಲ್ಲಿ ನಾನು ಕೆಂಪು ಗೆರೆ ಎಳೆದಿದ್ದೆ. ಆಲವೆಂದರೆ ಆಸರೆ, ಅದೊಂದು ಮಾತು ಮಾತ್ರ ನಿಜವಾದ ಹೊಗಳಿಕೆ ಎಂದು ನನ್ನ ಮಾದರಿ ಉತ್ತರ ಹೇಳುತ್ತಿತ್ತು. ಅವಳು ‘ಪಕ್ಕದವರ ಬೆಳೆ ತಿನ್ನುವವರು’ ಎಂದು ಬರೆದಿದ್ದಳು.

“ತಪ್ಪಲ್ರಿ ಸರ. ಬದುವಿನ ಮ್ಯಾಲಿನ ಆಲದ ನೆರಳಿಗೆ ಮಗ್ಗಲ ಹೊಲದಾಗ ಜ್ವಾಳ ತೆನಿ ಹಿಡಿಯೂದಿಲ್ಲ. ಅಣಕಸ್ಕೋತ ಬಂದವ್ರು ಕಡೀ ಸಾಲಿನ್ಯಾಗ ಯಾಕ ಖರೇ ಹೊಗಳತಾರ್ರಿ? ನಿಮ್ಮ ಉತ್ತರ ನೋಡಿ ಬರೆದಿದ್ರ ಇದನ್ನೂ ನಿಮ್ಮಂಗ ಬರೀತಿದ್ದೆ.”

ಪೇಟೆಯಲ್ಲಿ ಬೆಳೆದ ನನಗೆ ನೆರಳೆಂದರೆ ಬಿಸಿಲಲ್ಲಿ ಕೂರುವ ಜಾಗ, ಅಷ್ಟೇ. ಅವಳ ಮಾತು ಸರಿಯೆಂದು ಆ ಕ್ಷಣವೇ ತಿಳಿಯಿತು. ತಿಳಿದದ್ದಕ್ಕೇ ಸಿಟ್ಟು ಬಂತು. ಮಾಸ್ತರನ ಸೊಕ್ಕು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

“ಓಹೋ! ಭಾಳ ಶಾಣ್ಯಾರದೀರಿ ಬಿಡ್ರಿ ನೀವು. ನಾಳಿಂದ ಈ ಕುರ್ಚಿ ಮ್ಯಾಲ ನೀವ ಕುಂಡ್ರಿ, ನಾವು ಕೆಳಗ ಕುಂತು ಕಲೀತೇವಿ!”

ಅವಳು ಸೆರಗು ಸರಿಮಾಡಿಕೊಂಡಳು. ಕಣ್ಣು ತುಂಬಿದ್ದವು, ದನಿ ಮಾತ್ರ ನಡುಗಲಿಲ್ಲ.

“ಇಷ್ಟೊತ್ತನ ‘ನೀ’ ಅಂತಿದ್ರಿ, ಈಗ ಒಮ್ಮಿಗೇ ‘ನೀವು’ ಅಂದ್ರಿ. ಕುರ್ಚಿ ಕೊಡತೇನಿ ಅಂದ್ರಿ, ಎದ್ದಂತೂ ನಿಲ್ಲಲಿಲ್ಲ. ಇದು ಹೊಗಳಿಕಿ ಅಲ್ಲ ಅಂತ ನನಗ ತಿಳೀತ್ರಿ ಸರ. ಇದನ್ನ ಯಾರ ಕಪಾಟ ತಗದು ನೋಡೇನಿ, ಹೇಳ್ರಿ?”

ಪೇಪರನ್ನು ಮುಂದಕ್ಕೆ ಎಳೆದುಕೊಂಡೆ. ಕೆಂಪು ಗೆರೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ಹೆಡ್‌ಮಾಸ್ತರರಿಗೆ ಕಾಪಿ ಇಲ್ಲವೆಂದು ಹೇಳಿದೆ, ಸಿಪಾಯಿಗೂ ಹೇಳಿದೆ. ಅವಳು ಪಾಸಾದಳು, ಮುಧೋಳದ ಕಡೆಯ ಶಾಲೆಯೊಂದಕ್ಕೆ ಮಾಸ್ತರಿಣಿಯಾಗಿ ಹೋದಳು. ಹೋಗುವ ದಿನ ನಮಸ್ಕಾರ ಮಾಡಲು ಬಂದಾಗ ನಾನು ‘ಛಲೋ ಆಗಲಿ’ ಎಂದೆ. ‘ನನ್ನದು ತಪ್ಪಾತು’ ಎನ್ನಬೇಕಿತ್ತು. ನಾನು ಮನಸಾರೆ ಹರಸಿದ್ದೆ. ಆದರೆ ನನ್ನ ಬಾಯಿಂದ ಬಂದ ಆ ಒಳ್ಳೆಯ ಮಾತನ್ನು ಅವಳು ಹೇಗೆ ನಂಬಿಯಾಳು? ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹೊರಟುಹೋದಳು.