ಕೆಂಪು ಪೆನ್ನು ಬರೆದ ಚೀಟಿ

ನಮ್ಮ ಮೆಡಿಸಿನ್ ವಾರ್ಡಿನ ದೊಡ್ಡ ಡಾಕ್ಟರಮ್ಮನಿಗೆ ನಾವು ನರ್ಸುಗಳು ಇಟ್ಟ ಹೆಸರು ಕೆಂಪು ಪೆನ್ನು. ಕೇಸ್ ಶೀಟಿನಲ್ಲಿ ತಪ್ಪು ಕಂಡರೆ ಅಡ್ಡ ಗೆರೆ ಎಳೆದು ಮುಂದೆ ಹೋಗುತ್ತಾರೆ, ಬಿಡಿಸಿ ಹೇಳುವವರಲ್ಲ. ಅವರ ಅಪ್ಪ ದರ್ಜಿ. ಮಗಳ ಹೊಲಿಗೆ ಸೊಟ್ಟಗಾದರೆ "ಬಿಚ್ಚಿ ಮತ್ತೆ ಹೊಲಿ" ಎನ್ನುತ್ತಿದ್ದರಂತೆ. ಎಲ್ಲಿ ಸೊಟ್ಟ ಅಂತ ಮಾತ್ರ ತೋರಿಸುತ್ತಿರಲಿಲ್ಲವಂತೆ. ಹತ್ತೊಂಬತ್ತು ವರ್ಷ ಅವರ ಜೊತೆ ಏಗಿದ ಹೆಡ್ ನರ್ಸ್ ನಾನು. ಮಗಳು ಥೇಟ್ ಅಪ್ಪನೇ ಎನ್ನಲು ನನಗೆ ಯಾರ ಅಪ್ಪಣೆಯೂ ಬೇಡ.

ಅವತ್ತು ಸಂಜೆ ನಾಲ್ಕಕ್ಕೆ ಸಮಿತಿ ಕೂರುವುದಿತ್ತು. ಎರಡನೇ ವರ್ಷದಲ್ಲಿ ತಡವರಿಸುತ್ತಿದ್ದ ಮರಿ ಡಾಕ್ಟರನ್ನು ತರಬೇತಿಯಲ್ಲಿ ಉಳಿಸಬೇಕೋ ಬೇಡವೋ ಎಂಬ ತೀರ್ಮಾನ. ಅದಕ್ಕೆ ಮೇಡಂ ಒಂದು ಅಭಿಪ್ರಾಯದ ಚೀಟಿ ಬರೆಯಬೇಕು, ಮೊದಲು ಹುಡುಗಿಯ ಕೈಗೇ ಕೊಡಬೇಕು. ಎರಡು ಗಂಟೆಗೆ ನಾನು ಹೋದಾಗ ಅವರು ಬರೆದು ಮುಗಿಸಿದ್ದರು: "ಅಜಾಗರೂಕಳು. ಸುಧಾರಿಸಬೇಕು."

ಯಾವ ತಪ್ಪಿಗೆ ಅಂತ ನನಗೆ ಗೊತ್ತಿತ್ತು. ಹಿಂದಿನ ವಾರ ಅವಳು ನೋಡಿಕೊಳ್ಳುತ್ತಿದ್ದ ಏಳನೇ ಹಾಸಿಗೆಯ ಕಿಡ್ನಿ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಹೃದಯ ನಿಲ್ಲಿಸುವಷ್ಟು ಏರಿತ್ತು. ವಾರ್ಡಿನ ಫೋನು ಕೆಟ್ಟಿದ್ದರಿಂದ ಲ್ಯಾಬಿನವರ ಕರೆ ನಮಗೆ ಮುಟ್ಟಿರಲಿಲ್ಲ. ಮೂರು ತಾಸಿನ ಮೇಲೆ ನಾನೇ ಕಂಪ್ಯೂಟರಿನಲ್ಲಿ ನೋಡಿ ಕೂಗಿಕೊಂಡೆ. ಇಸಿಜಿ ತೆಗೆದು, ಕ್ಯಾಲ್ಸಿಯಂ ಕೊಟ್ಟು, ಹೇಗೋ ರೋಗಿಯನ್ನು ಉಳಿಸಿಕೊಂಡೆವು. ತಪ್ಪು ಸಣ್ಣದಲ್ಲ, ನಾನೂ ಒಪ್ಪುತ್ತೇನೆ.

"ಮೇಡಂ, ಆ ಹುಡುಗಿ ಎಲ್ಲರಿಗಿಂತ ಮೊದಲು ಬರ್ತಾಳೆ, ಕೊನೇಲಿ ಹೋಗ್ತಾಳೆ. ಅಜಾಗರೂಕಳು ಹೇಗಾಗ್ತಾಳೆ?" ಅಂದೆ.

"ಮತ್ತೆ ರಿಪೋರ್ಟ್ ಯಾಕೆ ನೋಡ್ಲಿಲ್ಲ, ಸಿಸ್ಟರ್?"

"ಅವಳನ್ನೇ ಕೇಳಿ. ನಾವ್ಯಾರೂ ಕೇಳೇ ಇಲ್ಲ."

ಕರೆಸಿದಾಗ ಮರಿ ಡಾಕ್ಟರ್ ಬಂದಳು. ಅವಳ ಜೇಬಿನಲ್ಲಿ ಯಾವತ್ತೂ ಇರುವ, ಕೆಲಸದ ಪಟ್ಟಿಯ ಮಡಚಿದ ಕಾಗದವನ್ನು ಮೇಡಂ ಕೇಳಿದರು. ಪ್ರತಿ ರೋಗಿಯ ಎದುರು ಚೌಕ, ಚೌಕದೊಳಗೆ ಟಿಕ್ಕು.

"ಈ ಟಿಕ್ ಅಂದ್ರೆ ಏನಮ್ಮ?"

"ರಕ್ತ ಲ್ಯಾಬಿಗೆ ಕಳಿಸಿದೆ ಅಂತ, ಮೇಡಂ."

"ರಿಪೋರ್ಟ್ ನೋಡಿದ್ಮೇಲೆ ಏನು ಹಾಕ್ತೀಯ?"

ಅವಳು ಟಿಕ್ಕುಗಳ ಮೇಲೆ ಬೆರಳು ಓಡಿಸಿದಳು. "ಏನೂ ಹಾಕಲ್ಲ."

ಪಾಳಿ ಬದಲಾದಾಗ ಈ ಕಾಗದದ ನಕಲೇ ಮುಂದಿನವರ ಕೈಗೆ ಹೋಗುತ್ತದೆ. ಟಿಕ್ಕು ಕಂಡವರು ರಿಪೋರ್ಟ್ ನೋಡಿಯಾಗಿದೆ ಅಂದುಕೊಂಡಿದ್ದರು. ಎಲ್ಲಿ ಸೊಟ್ಟಗಾಗಿತ್ತು ಅನ್ನುವುದು ಈಗ ಮೂವರಿಗೂ ಕಂಡಿತು.

"ಗೊತ್ತಾಗದಿದ್ರೆ ನನಗೆ ಯಾಕೆ ಫೋನ್ ಮಾಡಲ್ಲ?" ಮೇಡಂ ಕೇಳಿದರು.

ನನಗೆ ತಡೆಯಲಾಗಲಿಲ್ಲ. "ಎರಡು ಸಲ ಮಾಡಿದ್ಲು. ಎರಡು ಸಲಾನೂ ನೀವು 'ಇಷ್ಟೂ ಗೊತ್ತಿಲ್ವಾ' ಅಂದ್ರಿ. ನಿಮ್ಮಪ್ಪ 'ಬಿಚ್ಚು' ಅಂದ ಹಾಗೆ."

ಮೇಡಂ ಹಳೆಯ ಚೀಟಿ ಹರಿದು ನಮ್ಮನ್ನು ಆಚೆ ಕಳಿಸಿದರು. ಮೂರೂ ಮುಕ್ಕಾಲಾದರೂ ಬಾಗಿಲು ತೆರೆಯಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಹುಡುಗಿ ಬೆರಳು ಹಿಸುಕುತ್ತಾ ಕೂತಿದ್ದಳು. ನಾನು ಗಡಿಯಾರಕ್ಕೆ ಶಾಪ ಹಾಕುತ್ತಾ ನಿಂತಿದ್ದೆ.

ಕೊನೆಗೆ ಚೀಟಿ ಬಂತು. ಹುಡುಗಿ ನನಗೂ ಓದಿ ಹೇಳಿದಳು:

"ಏಳನೇ ಹಾಸಿಗೆಯ ರಿಪೋರ್ಟನ್ನು ಮೂರು ತಾಸು ಯಾರೂ ನೋಡಲಿಲ್ಲ. ರೋಗಿ ಸಾಯಬಹುದಿತ್ತು. ಇದು ಹಗುರವಾದ ತಪ್ಪಲ್ಲ. ನೀನು ಕಳಿಸಿದ್ದಕ್ಕೆ ಟಿಕ್ ಹಾಕುತ್ತೀಯ, ನೋಡಿದ್ದಕ್ಕೆ ಗುರುತೇ ಇಲ್ಲ. ನಾಳೆಯಿಂದ ಕಳಿಸಿದಾಗ ಚೌಕ ಅರ್ಧ ತುಂಬು, ರಿಪೋರ್ಟ್ ನೋಡಿ ಏನು ಮಾಡಬೇಕೋ ಮಾಡಿದ ಮೇಲೆ ಪೂರ್ತಿ ತುಂಬು. ಪಾಳಿ ಒಪ್ಪಿಸುವಾಗ ಅರ್ಧ ಚೌಕಗಳನ್ನು ಬಾಯಲ್ಲಿ ಹೇಳು. ಎರಡು ವಾರ ನಾನು ಜೊತೆಗೆ ನಿಂತು ನೋಡುತ್ತೇನೆ. ರೋಗಿಯ ಮಾತನ್ನು ನಿನ್ನಷ್ಟು ತಾಳ್ಮೆಯಿಂದ ಕೇಳುವವರು ಈ ವಾರ್ಡಿನಲ್ಲಿಲ್ಲ. ನಾಲ್ಕನೇ ಹಾಸಿಗೆಯವರು ಮಾತ್ರೆ ಬಿಟ್ಟದ್ದು ನಿನಗೆ ಮಾತ್ರ ಗೊತ್ತಾಯಿತು. ನೀನು ಫೋನ್ ಮಾಡದಿರುವುದು ಅಪಾಯ. ಮಾಡದ ಹಾಗೆ ಮಾಡಿದ್ದು ನಾನು. ಅನುಮಾನ ಬಂದರೆ ಕರೆ."

ಇದರದೇ ಪ್ರತಿ ಸಮಿತಿಗೂ ಹೋಯಿತು. ಮೂರು ತಿಂಗಳ ಗಡುವು ಕೊಟ್ಟರು, ಆಮೇಲೆ ಮತ್ತೆ ತೀರ್ಮಾನ.

ನಾಲ್ಕು ದಿನ ಹುಡುಗಿಯ ಫೋನು ಬರಲೇ ಇಲ್ಲ. ಮೇಡಂ ಊಟಕ್ಕೆ ಕೂತರೂ ಫೋನನ್ನೇ ನೋಡುತ್ತಿದ್ದರು. ಚೀಟಿ ಬರೆದು ತಪ್ಪು ಮಾಡಿದೆನೇ ಎಂದು ನನ್ನನ್ನು ಎರಡು ಸಲ ಕೇಳಿದರು. ಐದನೇ ದಿನ ಅವರು ಮೊದಲ ತುತ್ತು ಬಾಯಿಗಿಡುವಾಗ ಅದು ಬಡಿದುಕೊಂಡಿತು.

"ಮೇಡಂ, ಹನ್ನೊಂದನೇ ಹಾಸಿಗೆಯವರ ಉಸಿರು... ನನಗೆ ಗೊತ್ತಾಗ್ತಿಲ್ಲ."

ಡಬ್ಬಿ ಮುಚ್ಚದೆ ಎದ್ದರು. ನಾನೂ ಹಿಂದೆಯೇ ಓಡಿದೆ. ಸ್ಟೆತಸ್ಕೋಪ್ ಇಟ್ಟು ಎದೆ ಕೇಳಿದರು, ಆಕ್ಸಿಜನ್ ನೋಡಿದರು, ರೋಗಿಯನ್ನು ಎತ್ತರಕ್ಕೆ ಕೂರಿಸಿ ಮತ್ತೆ ಕೇಳಿದರು.

"ಏನೂ ಇಲ್ಲ. ಜಾರಿ ಮಲಗಿದ್ರು, ಅಷ್ಟೇ."

ಅವಳ ಮುಖ ಸಣ್ಣಗಾಯಿತು. "ಸುಮ್ನೆ ಓಡಿ ಬರೋ ಹಾಗೆ ಮಾಡ್ಬಿಟ್ಟೆ, ಮೇಡಂ."

ಮೇಡಂ ಅವಳ ಜೇಬಿನಿಂದ ಕಾಗದ ತೆಗೆದು, ಹನ್ನೊಂದರ ಎದುರು 'ಉಸಿರು' ಅಂತ ಬರೆದು, ಒಂದು ಚೌಕ ಹಾಕಿ, ತಮ್ಮ ಕೆಂಪು ಪೆನ್ನಿನಿಂದಲೇ ಪೂರ್ತಿ ತುಂಬಿದರು.

"ನಾಳೆನೂ ಕರಿ," ಅಂದರು.