ಟ್ಯಾಂಕ್ ತೊಳೆಯುವ ನೋಟಿಸು

ಟ್ಯಾಂಕ್ ತೊಳೆಯುವವರು ಮುಂದಿನ ವಾರ ಬರಬೇಕಿತ್ತು. ಭಾನುವಾರ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿ, ಇವತ್ತೇ ಹತ್ತಕ್ಕೆ ಬರುತ್ತೇವೆ ಎಂದರು. ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಕಾಕಾ ಲುಂಗಿಯಲ್ಲೇ ನಮ್ಮ ಮನೆಗೆ ಬಂದರು. ಅವರಿಗೆ ಟೈಪಿಂಗ್ ಆಗದು.

“ಕನ್ನಡದಾಗ, ಇಂಗ್ಲಿಷಿನಾಗ ಎರಡರಾಗೂ ಬರಿ ತಮ್ಮಾ. ನಯವಾಗಿರಲಿ, ಆದ್ರ ಗಟ್ಟಿ ಇರಬೇಕು. ಯಾರ ಮನಸ್ಸಿಗೂ ನೋವಾಗಬಾರದು, ಯಾರೂ ನಳ ತಿರುವಬಾರದು.”

ಬರೆದೆ: “ಮಾನ್ಯ ನಿವಾಸಿಗಳೇ, ದಯವಿಟ್ಟು ಒಂಬತ್ತೂವರೆಯೊಳಗೆ ನೀರು ತುಂಬಿಟ್ಟುಕೊಳ್ಳಿ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದರಿಂದ, ನಾವು ತಿಳಿಸುವವರೆಗೆ ನಲ್ಲಿಯ ನೀರನ್ನು ಕುಡಿಯಲು, ಅಡುಗೆಗೆ, ಮಕ್ಕಳ ಸ್ನಾನಕ್ಕೆ ಬಳಸಲೇಬಾರದು.” ಇಂಗ್ಲಿಷಿನಲ್ಲಿ ‘ಕೈಂಡ್ಲಿ ಅವಾಯ್ಡ್’ ಎಂದಿದ್ದೆ. ಕಾಕಾ ತಲೆಯಾಡಿಸಿದರು. “ಅವಾಯ್ಡ್ ಅಂದ್ರ ನಮ್ಮ ಮಂದಿ ಒಂದ ಗ್ಲಾಸ್ ಕುಡದ ನೋಡ್ತಾರ.” ‘ಪ್ಲೀಸ್ ಡು ನಾಟ್ ಯೂಸ್’ ಎಂದು ತಿದ್ದಿ, ನನ್ನ ಫೋನಿನಿಂದಲೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಸಾಲಾಗಿ ನಗುವ ಮುಖಗಳು ಬಂದವು. “ಕಾಕಾನ ದನಿಯಾಗೂ ಹಾಕೋ ಮಾರಾಯಾ,” ಎಂದು ಒಬ್ಬರು. ಮೂರನೇ ಮಹಡಿಯ ಮನೆಯಾಕೆ, ನಾವೆಲ್ಲ ಕಾಕು ಎನ್ನುವವರು, “ಭಾಳ ಛಲೋ ಬರದಿ,” ಎಂದು ಬರೆದು ಮೂರು ನಗು ಒತ್ತಿದ್ದರು. ಅವರ ಮಗಳ ಕೂಸಿಗೆ ಇಪ್ಪತ್ತು ದಿನ. ದಿನಾ ಹನ್ನೊಂದಕ್ಕೆ ಅದಕ್ಕೆ ಸ್ನಾನ.

ಹೋದ ತಿಂಗಳು ನಾನೇ ಇದೇ ಗ್ರೂಪಿಗೆ ತಮಾಷೆಗೆ ಕಾಕಾನ ದನಿಯನ್ನು ಅಣಕಿಸಿ ಒಂದು ಸುಳ್ಳು ನೋಟಿಸು ಬಿಟ್ಟಿದ್ದೆ: ಚಪ್ಪಲಿ ಹೊರಗೆ ಬಿಟ್ಟು ಲಿಫ್ಟು ಹತ್ತಬೇಕು, ಅಂತ. ಇಬ್ಬರು ಬಿಟ್ಟೂ ಇದ್ದರು.

“ಕಾಕಾ, ನೀವ ಮಾತಾಡ್ರಿ,” ಎಂದು ರೆಕಾರ್ಡಿಂಗ್ ಒತ್ತಿ ಫೋನ್ ಮುಂದೆ ಹಿಡಿದೆ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಇಡೀ ನೋಟಿಸು ಹೇಳಿದರು. ಕಳಿಸಿದೆ. ಉತ್ತರ ಒಂದು ನಿಮಿಷದಲ್ಲೇ ಬಂತು: “ಥೇಟ್ ಕಾಕಾ. ಕೆಮ್ಮು ಸುದ್ದಾ ಹಂಗ ಐತಿ.”

ಕಾಕಾ ಅದನ್ನು ಓದಿ ನನ್ನನ್ನು ನೋಡಿದರು. “ನಡಿ ತಮ್ಮಾ, ಬಾಗಿಲಾ ಬಡಿಯೂಣು,” ಎಂದು ಎದ್ದರು.

ಒಂಬತ್ತು ದಾಟಿತ್ತು. ಇಬ್ಬರೂ ಮೆಟ್ಟಿಲು ಹತ್ತಿ ಮೂರನೇ ಮಹಡಿಯ ಬಾಗಿಲು ಬಡಿದೆವು. ಕಾಕು ಒದ್ದೆ ಕೈಯಲ್ಲೇ ಬಂದರು.

“ನೀರು ತುಂಬೀರೇನ್ರಿ ಕಾಕು?”

“ಏ, ಮೊನ್ನಿ ಚಪ್ಪಲಿ, ಇವತ್ತ ಟ್ಯಾಂಕು,” ಎಂದವರು ಹಿಂದೆ ನಿಂತ ಕಾಕಾನ ಮುಖ ನೋಡಿ ನಿಂತುಬಿಟ್ಟರು. “ಖರೇನ?”

“ಖರೇನ ಐತ್ರಿ,” ಎಂದರು ಕಾಕಾ.

ಅವರ ಮನೆಯ ಬಕೆಟು, ಕೊಡ, ಕುಕ್ಕರ್ ಎಲ್ಲವನ್ನೂ ನಾನೇ ತುಂಬಿಸಿದೆ. ಒಳಗೆ ಕೂಸು ಮಲಗಿತ್ತು. ಆಮೇಲೆ ಒಂದೊಂದೇ ಬಾಗಿಲು ಬಡಿಯುತ್ತ ಇಳಿದೆವು. ಪ್ರತಿ ಬಾಗಿಲಲ್ಲೂ ನಾನು ಬಾಯಿ ಮುಚ್ಚಿಕೊಂಡು ನಿಂತೆ; ಕಾಕಾ ಮಾತಾಡಿದರು, ಅವರದೇ ದನಿಯಲ್ಲಿ.